‘ಬ್ಯಾಂಡ್ 6 ಸಿಸ್ಟರ್’ ಅಂದರೆ ಊರಿನಲ್ಲಿ ಯಾರು? ಬ್ರಿಟನ್ನಿನಿಂದ ಮರಳುವ ನರ್ಸ್‌ಗಳು ರೆಸ್ಯುಮೆ ಬರೆಯುವ ಬಗೆ

ಕುಮಟಾದ್ದಿರಲಿ, ಶಿರಸಿಯದ್ದಿರಲಿ, ಯಾವ ಆಸ್ಪತ್ರೆಯ ವಾರ್ಡಿನಲ್ಲಿ ‘ಸಿಸ್ಟರ್’ ಎಂದು ಕರೆದರೂ ಹತ್ತಿರ ಇದ್ದ ನರ್ಸ್ ತಿರುಗಿ ನೋಡುತ್ತಾರೆ. ನಿನ್ನೆ ಕೆಲಸಕ್ಕೆ ಸೇರಿದವರೂ ಇಲ್ಲಿ ಸಿಸ್ಟರೇ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಲ್ಲಿ ಹಾಗಲ್ಲ. ಅಲ್ಲಿ ಸಿಸ್ಟರ್ ಎಂಬುದು ಬಡ್ತಿ ಪಡೆದು ಏರುವ ಹುದ್ದೆ, ಪಾಳಿಯ ಹೊಣೆ ಹೊರುವ ಹಿರಿಯ ನರ್ಸ್‌ಗೆ ಸಿಗುವ ಹೆಸರು. ಅದೇ ಹುದ್ದೆಯಲ್ಲಿರುವ ಗಂಡಸರನ್ನು ಚಾರ್ಜ್ ನರ್ಸ್ ಎನ್ನುತ್ತಾರೆ. ಆರು ವರ್ಷ ಆ ಹುದ್ದೆಯಲ್ಲಿ ದುಡಿದವರು ಊರಿಗೆ ಬಂದು ರೆಸ್ಯುಮೆಯಲ್ಲಿ ಬರೀ ‘ಸಿಸ್ಟರ್, ಐಟಿಯು’ ಎಂದು ಬರೆದರೆ, ಓದುವವರು ಅವರನ್ನು ಸಾಮಾನ್ಯ ಸ್ಟಾಫ್ ನರ್ಸ್ ಎಂದುಕೊಂಡು ಮುಂದಿನ ಅರ್ಜಿ ಎತ್ತಿಕೊಳ್ಳುತ್ತಾರೆ.

ಇದನ್ನು ಸರಿಪಡಿಸುವುದು ಹೇಗೆಂದು ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಹೊನ್ನಾವರ ತಾಲೂಕಿನ ನರ್ಸ್ ಒಬ್ಬರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ನರ್ಸಿಂಗ್ ಮುಗಿಸಿ, ಮಂಗಳೂರಿನ ಐಸಿಯುವಿನಲ್ಲಿ ಮೂರು ವರ್ಷ ಕೆಲಸ ಮಾಡಿ, 2015ರಲ್ಲಿ ಬ್ರಿಟನ್ನಿಗೆ ಹೋದರು ಎಂದುಕೊಳ್ಳಿ. ಅಲ್ಲಿನ ಹುದ್ದೆಯ ದರ್ಜೆಯಲ್ಲಿ 2019ರವರೆಗೆ ಬ್ಯಾಂಡ್ 5, ಆಮೇಲೆ 2025ರವರೆಗೆ ಸಿಸ್ಟರ್ ಆಗಿ ಬ್ಯಾಂಡ್ 6. ಈಗ ಮನೆಗೆ ಹತ್ತಿರವಾಗಲೆಂದು ಕಾರವಾರದಿಂದ ಮಣಿಪಾಲದ ನಡುವೆ ಕೆಲಸ ಹುಡುಕುತ್ತಿದ್ದಾರೆ.

ಮೊದಲು ಕಾಗದಪತ್ರ

ರೆಸ್ಯುಮೆಗೆ ಕೈ ಹಾಕುವ ಮೊದಲು ಮೂರು ಕಾಗದ ಮೇಜಿನ ಮೇಲಿರಬೇಕು: ಪ್ರತಿ ಹುದ್ದೆಯ ಜಾಬ್ ಡಿಸ್ಕ್ರಿಪ್ಶನ್, ಹುದ್ದೆ ಮತ್ತು ದಿನಾಂಕ ನಮೂದಿಸಿದ ಉದ್ಯೋಗ ದೃಢೀಕರಣ ಪತ್ರ, ಕೊನೆಯ ಬಡ್ತಿಯ ಪತ್ರ. ಅಲ್ಲಿನ ಆಸ್ಪತ್ರೆಗಳು ಸಾಮಾನ್ಯವಾಗಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಇಷ್ಟನ್ನೇ ಬರೆದುಕೊಡುತ್ತವೆ. ನಮ್ಮಲ್ಲಿ ಕೇಳುವ ‘ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್’ನಲ್ಲಿ ಯಾವ ವಿಭಾಗ, ಎಷ್ಟು ಹಾಸಿಗೆ ಎಂಬುದೂ ಇರಬೇಕು. ಊರಿಗೆ ಬಂದ ಮೇಲೆ ಇಮೇಲ್ ಕಳಿಸಿ ಕಾಯುವುದಕ್ಕಿಂತ, ನೋಟಿಸ್ ಅವಧಿಯಲ್ಲೇ ವಾರ್ಡ್ ಮ್ಯಾನೇಜರ್ ಬಳಿ ಕೇಳಿ ಬರೆಸಿಕೊಳ್ಳುವುದು ಲೇಸು.

ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಇದೇ ಹೊತ್ತಿಗೆ ನೋಡಿಕೊಳ್ಳಿ. ಹತ್ತು ವರ್ಷ ಹೊರಗಿದ್ದವರಲ್ಲಿ ಹಲವರು ನವೀಕರಣ ಮರೆತಿರುತ್ತಾರೆ. ಬ್ರಿಟನ್ನಿನ ನರ್ಸಿಂಗ್ ಪರಿಷತ್ತಾದ ಎನ್‌ಎಂಸಿಯ ನೋಂದಣಿ ಎಷ್ಟೇ ಗಟ್ಟಿಯಾಗಿದ್ದರೂ ಇಲ್ಲಿನ ನೋಂದಣಿಯ ಜಾಗದಲ್ಲಿ ಅದು ನಡೆಯುವುದಿಲ್ಲ. ನಡತೆ ಮತ್ತು ನೋಂದಣಿ ಸ್ಥಿತಿಯ ದೃಢೀಕರಣ ಬೇಕಾದರೆ ನೀವು ಅರ್ಜಿ ಹಾಕಬೇಕು, ಎನ್‌ಎಂಸಿ ಅದನ್ನು ಇಲ್ಲಿನ ಪರಿಷತ್ತಿಗೆ ಕಳಿಸುತ್ತದೆ. ರೆಸ್ಯುಮೆಯ ತಲೆಭಾಗದಲ್ಲಿ ಮೊದಲು ಕರ್ನಾಟಕದ ನೋಂದಣಿ, ಅದರ ಕೆಳಗೆ ಎನ್‌ಎಂಸಿ ನೋಂದಣಿ ಇರಲಿ.

ಹುದ್ದೆಯ ಹೆಸರು ಬದಲಿಸಬೇಡಿ, ಪಕ್ಕದಲ್ಲಿ ವಿವರಿಸಿ

ಎನ್‌ಎಚ್‌ಎಸ್‌ನ ಬ್ಯಾಂಡ್ ಪದ್ಧತಿ 2004ರಲ್ಲಿ ಬಂತು. ಅಂಕಿ ದೊಡ್ಡದಾದಷ್ಟೂ ಹುದ್ದೆ ದೊಡ್ಡದು. ಹೊಸದಾಗಿ ನೋಂದಣಿಯಾದ ನರ್ಸ್ ಬ್ಯಾಂಡ್ 5ರಲ್ಲಿ ಸೇರುತ್ತಾರೆ. ಪಾಳಿ ನೋಡಿಕೊಳ್ಳುವ ಸಿಸ್ಟರ್ ಸಾಮಾನ್ಯವಾಗಿ ಬ್ಯಾಂಡ್ 6, ವಾರ್ಡ್ ಮ್ಯಾನೇಜರ್ ಬ್ಯಾಂಡ್ 7, ಹಲವು ವಾರ್ಡ್‌ಗಳ ಮೇಲಿರುವ ಮೇಟ್ರನ್ ಬ್ಯಾಂಡ್ 8ಎ. ಇದೇನೂ ಗೊತ್ತಿಲ್ಲದವರಿಗೆ ‘ಬ್ಯಾಂಡ್ 6’ ಎಂಬುದು ಮೇಲಿನದೋ ಕೆಳಗಿನದೋ ತಿಳಿಯದು. ಮೇಟ್ರನ್ ಎಂದರೆ ಹಾಸ್ಟೆಲ್ ನೋಡಿಕೊಳ್ಳುವವರು ಎಂದೇ ನಮ್ಮಲ್ಲಿ ಅನೇಕರ ಎಣಿಕೆ.

ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್, ಸೀನಿಯರ್ ಸ್ಟಾಫ್ ನರ್ಸ್, ವಾರ್ಡ್ ಇನ್‌ಚಾರ್ಜ್, ನರ್ಸಿಂಗ್ ಸೂಪರ್‌ವೈಸರ್, ನರ್ಸಿಂಗ್ ಸೂಪರಿಂಟೆಂಡೆಂಟ್ ಎಂಬ ಮೆಟ್ಟಿಲುಗಳು ಬಳಕೆಯಲ್ಲಿವೆ. ಬ್ಯಾಂಡ್ 6 ಇಲ್ಲಿನ ಶಿಫ್ಟ್ ಇನ್‌ಚಾರ್ಜ್‌ಗೆ ಹತ್ತಿರ. ಬ್ಯಾಂಡ್ 7 ವಾರ್ಡ್ ಇನ್‌ಚಾರ್ಜ್‌ಗೆ ಹತ್ತಿರ, ರೋಸ್ಟರ್ ಮತ್ತು ನೇಮಕದ ಹೊಣೆಯೂ ಇದ್ದರೆ ಅದಕ್ಕಿಂತ ತುಸು ಮೇಲೆ. ‘ಹತ್ತಿರ’ ಎಂಬುದನ್ನು ಮರೆಯಬಾರದು, ಎರಡೂ ಒಂದೇ ಅಲ್ಲ. ಅದಕ್ಕಾಗಿಯೇ ಮೂಲ ಹೆಸರನ್ನು ಅಳಿಸಿ ‘ವಾರ್ಡ್ ಇನ್‌ಚಾರ್ಜ್’ ಎಂದು ಬರೆಯಬಾರದು. ಪರಿಶೀಲನೆಯ ಹೊತ್ತಿಗೆ ಅಲ್ಲಿಂದ ಬರುವ ಪತ್ರದಲ್ಲಿ ‘ಸಿಸ್ಟರ್’ ಎಂದಿದ್ದು ರೆಸ್ಯುಮೆಯಲ್ಲಿ ಬೇರೆ ಇದ್ದರೆ, ನೀವು ಹುದ್ದೆ ಹೆಚ್ಚಿಸಿಕೊಂಡಿರಿ ಎಂಬ ಅನುಮಾನ ಬರುತ್ತದೆ. ಒಮ್ಮೆ ಬಂದ ಅನುಮಾನ ಸಂದರ್ಶನದ ಕೊನೆಯವರೆಗೂ ಹೋಗುವುದಿಲ್ಲ.

ನಮ್ಮ ಉದಾಹರಣೆಯ ನರ್ಸ್ ಮೊದಲು ಬರೆದುಕೊಂಡಿದ್ದ ಸಾಲು ಹೀಗಿತ್ತು:

‘ಸಿಸ್ಟರ್, ಬ್ಯಾಂಡ್ 6, ಐಟಿಯು, ಎನ್‌ಎಚ್‌ಎಸ್ ಟ್ರಸ್ಟ್. ಲೆವೆಲ್ 3 ರೋಗಿಗಳಿಗೆ 1:1 ಆರೈಕೆ. ಬ್ಯಾಂಕ್ ಶಿಫ್ಟ್ ಕೂಡ ಮಾಡಿದ್ದೇನೆ.’

ತಿದ್ದಿದ ಮೇಲೆ ಇಂಗ್ಲಿಷ್ ರೆಸ್ಯುಮೆಯಲ್ಲಿ ಇರಬೇಕಾದ ಒಕ್ಕಣೆ ಇದು:

‘ಸಿಸ್ಟರ್, ಬ್ಯಾಂಡ್ 6 – ಪಾಳಿಯ ಹೊಣೆ ಹೊತ್ತ ಹಿರಿಯ ನರ್ಸ್, ಇಲ್ಲಿನ ಐಸಿಯು ಶಿಫ್ಟ್ ಇನ್‌ಚಾರ್ಜ್‌ಗೆ ಹತ್ತಿರವಾದ ಕೆಲಸ. ಸರ್ಕಾರಿ ಆಸ್ಪತ್ರೆ, 12 ಹಾಸಿಗೆಯ ವಯಸ್ಕರ ಐಸಿಯು. ಪ್ರತಿ ಪಾಳಿಯಲ್ಲಿ 10ರಿಂದ 12 ನರ್ಸ್‌ಗಳ ಮೇಲ್ವಿಚಾರಣೆ, ಹಾಸಿಗೆ ಹಂಚಿಕೆ, ಹೊಸಬರ ತರಬೇತಿ.’

ಟ್ರಸ್ಟ್ ಎಂಬ ಪದ ಹೋಗಿ ಸರ್ಕಾರಿ ಆಸ್ಪತ್ರೆ ಬಂದದ್ದನ್ನು ಗಮನಿಸಿ. ನಮ್ಮಲ್ಲಿ ಟ್ರಸ್ಟ್ ಆಸ್ಪತ್ರೆ ಎಂದರೆ ಧರ್ಮಾರ್ಥ ಸಂಸ್ಥೆ. ಎನ್‌ಎಚ್‌ಎಸ್ ಟ್ರಸ್ಟ್ ಸರ್ಕಾರದ ಹಣದಿಂದ ನಡೆಯುವಂಥದ್ದು. ಆಸ್ಪತ್ರೆಯ ಪೂರ್ತಿ ಹೆಸರಿನಲ್ಲಿ ಆ ಪದವಿದ್ದರೆ ಹಾಗೇ ಬಿಡಿ, ವಿವರಣೆಯಲ್ಲಿ ಮಾತ್ರ ಸರ್ಕಾರಿ ಎಂದು ತಿಳಿಸಿ. ಐಟಿಯು ಇದ್ದಲ್ಲಿ ಐಸಿಯು, ಥಿಯೇಟರ್ ಇದ್ದಲ್ಲಿ ಓಟಿ, ಎ ಆ್ಯಂಡ್ ಇ ಇದ್ದಲ್ಲಿ ಎಮರ್ಜೆನ್ಸಿ ಬರಲಿ. ಬ್ಯಾಂಕ್ ಶಿಫ್ಟ್ ಎಂದರೆ ಅಲ್ಲಿ ಬೇಕಾದಾಗ ಕರೆಸುವ ಹೆಚ್ಚುವರಿ ಪಾಳಿ. ಇಲ್ಲಿ ಓದುವವರಿಗೆ ಅದು ಹಣಕಾಸಿನ ಬ್ಯಾಂಕೇ. ಆ ಸಾಲನ್ನು ತೆಗೆದುಬಿಟ್ಟರೂ ನಷ್ಟವಿಲ್ಲ.

ನೋಂದಣಿ ಪರೀಕ್ಷೆ ಪಾಸಾಗುವವರೆಗೆ ಹೊರದೇಶದ ನರ್ಸ್‌ಗಳನ್ನು ಕೆಳಗಿನ ಬ್ಯಾಂಡಿನಲ್ಲಿ ಇಡುವುದುಂಟು. ಆ ಕೆಲವು ತಿಂಗಳು ನಿಮ್ಮ ರೆಸ್ಯುಮೆಯಲ್ಲಿ ಹಿಂಬಡ್ತಿಯಂತೆ ಕಾಣುತ್ತದೆ. ಅದನ್ನು ಮುಚ್ಚಿಡದೆ, ‘ನೋಂದಣಿಗೆ ಮೊದಲಿನ ಅವಧಿ’ ಎಂದು ಒಂದೇ ಸಾಲಿನಲ್ಲಿ ಬರೆಯಿರಿ, ನರ್ಸ್ ಆಗಿ ದುಡಿದ ವರ್ಷಗಳ ಲೆಕ್ಕಕ್ಕೆ ಸೇರಿಸಬೇಡಿ.

‘ಒಬ್ಬರೇ ರೋಗಿ’ ಎಂಬ ತೊಡಕು

ಬ್ರಿಟನ್ನಿನಲ್ಲಿ ಲೆವೆಲ್ 3 ಎಂದರೆ ವೆಂಟಿಲೇಟರ್‌ನಂಥ ಉಸಿರಾಟದ ಆಸರೆ ಬೇಕಾದ ಅಥವಾ ಎರಡಕ್ಕಿಂತ ಕಡಿಮೆಯಿಲ್ಲದ ಅಂಗಗಳು ಸೋತ ರೋಗಿ. ಅಂಥವರಿಗೆ ಒಬ್ಬ ನರ್ಸ್ ಎಂಬುದು ಅಲ್ಲಿನ ಮಾನದಂಡ. ಇದನ್ನು ‘1:1’ ಎಂದಷ್ಟೇ ಬರೆದರೆ, ಒಂದೇ ಪಾಳಿಯಲ್ಲಿ ಒಬ್ಬ ನರ್ಸ್ ಹಲವು ಹಾಸಿಗೆ ನೋಡುವುದನ್ನೇ ಕಂಡ ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಏನನ್ನಿಸುತ್ತದೆ? ಹಗುರ ಕೆಲಸ ಮಾಡಿ ಬಂದವರು, ಇಲ್ಲಿ ತಾಳಿಕೊಳ್ಳುವರೇ ಎಂದು. ಆದ್ದರಿಂದ ಅನುಪಾತದ ಬದಲು ಆ ಒಬ್ಬ ರೋಗಿಗೆ ಏನೇನು ಮಾಡಿದಿರಿ ಎಂಬುದನ್ನು ಬರೆಯಿರಿ: ವೆಂಟಿಲೇಟರ್ ಹೊಂದಾಣಿಕೆ, ನಿರಂತರ ಡಯಾಲಿಸಿಸ್ ಯಂತ್ರ ನಡೆಸುವುದು, ರಕ್ತದೊತ್ತಡ ಏರಿಸುವ ಔಷಧಿಯ ಪ್ರಮಾಣ ಬದಲಿಸುವುದು, ಎಬಿಜಿ ತೆಗೆದು ಓದುವುದು. ಮಂಗಳೂರಿನ ಮೂರು ವರ್ಷವನ್ನು ಹಳೆಯದೆಂದು ಒಂದು ಸಾಲಿಗೆ ಇಳಿಸಬೇಡಿ. ಆಗ ಒಂದು ಪಾಳಿಯಲ್ಲಿ ಎಷ್ಟು ಹಾಸಿಗೆ ನೋಡಿದಿರಿ ಎಂಬ ಅಂಕಿ ಅಲ್ಲೇ ಇರಲಿ. ಇಲ್ಲಿನ ಒತ್ತಡ ನಿಮಗೆ ಗೊತ್ತು ಎಂಬುದಕ್ಕೆ ಅದೇ ಪುರಾವೆ.

ಇದರ ತಿರುವುಮುರುವೂ ಉಂಟು. ರಕ್ತ ತೆಗೆಯುವುದು, ಐವಿ ಕ್ಯಾನುಲಾ ಹಾಕುವುದು ಅಲ್ಲಿ ಬೇರೆ ತರಬೇತಿ ಪಡೆದು ಸಹಿ ಹಾಕಿಸಿಕೊಳ್ಳಬೇಕಾದ ಕೌಶಲ. ಹೀಗಾಗಿ ಅನೇಕರು ಅದನ್ನು ಸಾಧನೆಯ ಪಟ್ಟಿಯಲ್ಲಿ ಮೊದಲಿಗೆ ಇಡುತ್ತಾರೆ. ನಮ್ಮಲ್ಲಿ ಅದು ವಿದ್ಯಾರ್ಥಿ ದೆಸೆಯಲ್ಲೇ ಕೈಗೆ ಹತ್ತುವ ಕೆಲಸ. ಅದನ್ನು ಮೇಲೆ ಬರೆದರೆ ಹೇಳಲು ಬೇರೇನೂ ಇರಲಿಲ್ಲವೇ ಎಂದಾಗುತ್ತದೆ.

64 ಅಂಕ ಕಡಿಮೆಯಲ್ಲ

ನಮ್ಮ ಉದಾಹರಣೆಯ ನರ್ಸ್ ಕ್ರಿಟಿಕಲ್ ಕೇರ್ ಕೋರ್ಸನ್ನೂ ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ ಮುಗಿಸಿದ್ದಾರೆ: ಲೆವೆಲ್ 7, 60 ಕ್ರೆಡಿಟ್, ಸರಾಸರಿ 64. ಲೆವೆಲ್ 7 ಎಂದರೆ ಸ್ನಾತಕೋತ್ತರ ಮಟ್ಟ. ಅಲ್ಲಿ ಪೂರ್ಣ ಮಾಸ್ಟರ್ಸ್‌ಗೆ 180 ಕ್ರೆಡಿಟ್, ಪಿಜಿ ಡಿಪ್ಲೊಮಾಗೆ 120, ಪಿಜಿ ಸರ್ಟಿಫಿಕೇಟ್‌ಗೆ 60. ಹಾಗಾಗಿ ಇದನ್ನು ‘ಎಂಎಸ್ಸಿ’ ಎಂದು ಬರೆಯುವಂತಿಲ್ಲ. ಆ ಹೆಸರಿನ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯ ಕೊಟ್ಟಿದ್ದರಷ್ಟೇ ‘ಪಿಜಿ ಸರ್ಟಿಫಿಕೇಟ್’ ಎನ್ನಬಹುದು. ಇಲ್ಲವಾದರೆ ‘ಸ್ನಾತಕೋತ್ತರ ಮಟ್ಟದ ಕೋರ್ಸ್, ಮಾಸ್ಟರ್ಸ್‌ನ ಮೂರನೇ ಒಂದು ಪಾಲು’ ಎಂದರೆ ಸತ್ಯವೂ ಹೌದು, ಓದುವವರಿಗೆ ಅರ್ಥವೂ ಆಗುತ್ತದೆ.

64 ಎಂಬ ಅಂಕಿಯ ಕತೆ ಬೇರೆ. ಬ್ರಿಟನ್ನಿನ ಮಾಸ್ಟರ್ಸ್ ಮಟ್ಟದಲ್ಲಿ ಸಾಮಾನ್ಯವಾಗಿ 50ಕ್ಕೆ ಪಾಸ್, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಎಂಬತ್ತು ದಾಟುವವರು ಅಪರೂಪ. ನಮ್ಮ ಕಣ್ಣಿಗೆ 64 ಸಾಧಾರಣ. ಹಾಗೆಂದು ಏನೋ ಸೂತ್ರ ಹಚ್ಚಿ 80 ಮಾಡಿ ಬರೆದರೆ ಅಂಕಪಟ್ಟಿಗೆ ತಾಳೆಯಾಗುವುದಿಲ್ಲ. ಅಂಕಿಯ ಜೊತೆ ಅಳತೆಗೋಲನ್ನೂ ಕೊಡಿ: ‘64, ಮೆರಿಟ್ ದರ್ಜೆ, ಪಾಸ್ 50, ಗರಿಷ್ಠ ದರ್ಜೆಯಾದ ಡಿಸ್ಟಿಂಕ್ಷನ್ 70ರಿಂದ.’ ಬಿಎಸ್ಸಿ ಅಂಕಗಳನ್ನು ಮಾತ್ರ ಅಂಕಪಟ್ಟಿಯಲ್ಲಿ ಇದ್ದಂತೆ ಶೇಕಡದಲ್ಲೇ ಬರೆಯಿರಿ.

ಜೀವರಕ್ಷಣೆಯ ತರಬೇತಿಗೂ ಇದೇ ಎಚ್ಚರ ಬೇಕು. ಅಲ್ಲಿನ ಐಎಲ್‌ಎಸ್ ಪ್ರಮಾಣಪತ್ರ ಒಂದು ವರ್ಷಕ್ಕೆ, ಎಎಲ್‌ಎಸ್ ನಾಲ್ಕು ವರ್ಷಕ್ಕೆ. ಇಲ್ಲಿನ ದೊಡ್ಡ ಆಸ್ಪತ್ರೆಗಳು ಕೇಳುವುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ ಮತ್ತು ಎಸಿಎಲ್‌ಎಸ್, ಎರಡಕ್ಕೂ ಎರಡು ವರ್ಷದ ಅವಧಿ. ಹೆಸರು ಒಂದೇ ರೀತಿ ಕೇಳಿಸುವುದರಿಂದ ಎಎಲ್‌ಎಸ್ ಅನ್ನು ಎಸಿಎಲ್‌ಎಸ್ ಎಂದು ಬರೆದುಬಿಡುವವರಿದ್ದಾರೆ. ಸಂಸ್ಥೆಯ ಹೆಸರು, ಮುಗಿಯುವ ತಿಂಗಳು ಎರಡನ್ನೂ ಬರೆಯಿರಿ.

ಯಾರು ಓದುತ್ತಾರೆ?

ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗುವ ರೆಸ್ಯುಮೆಯನ್ನು ಮೊದಲು ಎಚ್‌ಆರ್, ಆಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ನೋಡುತ್ತಾರೆ. ಅಲ್ಲಿ ಎರಡು ಪುಟ ಇರಬಹುದು, ಬ್ಯಾಂಡ್ ವಿವರವೂ ಇರಲಿ. ಶಿರಸಿ ಅಥವಾ ಕುಮಟಾದ ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಓದುವವರು ಬಹುಪಾಲು ಮಾಲೀಕ ವೈದ್ಯರೇ. ರಾತ್ರಿ ವೆಂಟಿಲೇಟರ್ ರೋಗಿಯನ್ನು ಇವರ ಕೈಗೆ ಬಿಡಬಹುದೇ, ಹೊಸ ಹುಡುಗಿಯರಿಗೆ ಕಲಿಸುತ್ತಾರೆಯೇ, ಎಂದಿನಿಂದ ಬರುತ್ತಾರೆ – ಅವರಿಗೆ ಬೇಕಾದದ್ದು ಇಷ್ಟು. ಒಂದೇ ಪುಟದಲ್ಲಿ ಮೇಲಿನ ನಾಲ್ಕು ಸಾಲುಗಳಲ್ಲೇ ಇದಕ್ಕೆ ಉತ್ತರ ಸಿಗಬೇಕು. ಕಾರವಾರದ ವೈದ್ಯಕೀಯ ಕಾಲೇಜಿನಂಥ ಸರ್ಕಾರಿ ಸಂಸ್ಥೆಗೆ ಅರ್ಜಿ ಹಾಕುವಾಗ ಅಧಿಸೂಚನೆಯ ನಮೂನೆಯೇ ನಡೆಯುವುದು. ಅಲ್ಲಿ ‘ಹತ್ತಿರದ ಹುದ್ದೆ’ಯ ವಿವರಣೆಗೆ ಜಾಗವಿಲ್ಲ, ಪ್ರಮಾಣಪತ್ರದಲ್ಲಿದ್ದ ಹೆಸರನ್ನೇ ತುಂಬಿ.

ಭಾಷೆಗಳ ಸಾಲನ್ನು ವಿದೇಶಕ್ಕೆ ಹೋಗುವಾಗ ಅಳಿಸಿದ್ದರೆ ಮತ್ತೆ ಸೇರಿಸಿ. ಕನ್ನಡದ ಜೊತೆ ಕೊಂಕಣಿ ಬರುತ್ತದೆ ಎಂಬುದು ಹೊನ್ನಾವರದಿಂದ ಕಾರವಾರದವರೆಗಿನ ಐಸಿಯುವಿನ ಬಾಗಿಲಲ್ಲಿ, ರೋಗಿಯ ಮನೆಯವರ ಜೊತೆ ಮಾತಾಡುವಾಗ, ದಿನಾ ಬೇಕಾಗುವ ಅರ್ಹತೆ.