ಮತ್ತೆ ನೀರಿಗೆ ಹಾಕಿದ್ಮೇಲೇ ಇಯರ್‌ಬಡ್ ಬದುಕಿದ್ದು

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬಟ್ಟೆನೇ ನಾಲ್ಕು ದಿನ ಒಣಗಲ್ಲ, ಇನ್ನು ಇಯರ್‌ಬಡ್ ಎಲ್ಲಿಂದ ಒಣಗ್ಬೇಕು. ಹೋದ ಜುಲೈನಲ್ಲಿ ಅಂಗಿ ಜೇಬಲ್ಲಿದ್ದ ಎರಡೂ ಬಡ್ ವಾಷಿಂಗ್ ಮಷೀನಲ್ಲಿ ಒಂದು ಗಂಟೆ ತಿರುಗಿ ಬಂದ್ವು, ಪುಣ್ಯಕ್ಕೆ ಕೇಸ್ ಮೇಜಿನ ಮೇಲಿತ್ತು.

ಇದಕ್ಕೆ ಮುಂಚೆ ಎರಡು ಜೊತೆ ಕಳ್ಕೊಂಡಿದ್ದೆ, ಹತ್ತಿರ ಹತ್ತಿರ ಮೂರು ಸಾವಿರ ಹೋಯ್ತು. ಮೊದಲನೇದನ್ನ ಎಲ್ಲರ ಹಾಗೆ ಅಕ್ಕಿ ಡಬ್ಬಿಗೆ ಹಾಕಿದೆ, ಆದ್ರೆ ಆಟಿ ತಿಂಗಳಲ್ಲಿ ಅಕ್ಕಿನೇ ತಣ್ಣಗೆ ಹಸಿಯಾಗಿರತ್ತೆ ಅದೇನು ನೀರು ಎಳೆಯತ್ತೆ, ಎರಡು ದಿನ ಬಿಟ್ಟು ಚಾರ್ಜಿಗಿಟ್ಟೆ, ಪಿನ್ ಹಸಿರು ಕಟ್ಟಿ ಸತ್ತೋಯ್ತು. ಎರಡನೇದಕ್ಕೆ ಹೇರ್ ಡ್ರೈಯರ್ ಹಿಡಿದೆ, ಒಳಗಿನ ಅಂಟು ಬಿಟ್ಟು ಕರಕರ ಸದ್ದು ಶುರುವಾಯ್ತು. ಒಲೆ ಮೇಲಿನ ಅಟ್ಟದಲ್ಲೂ ಒಂದು ಹಳೇ ಬಡ್ ಇಟ್ಟು ನೋಡಿದೀನಿ, ಒಣಗಿತು, ಆದ್ರೆ ಜಾಲರಿ ಪೂರ್ತಿ ಹೊಗೆ ಜಿಡ್ಡು.

ಈ ಸಲ ಚಾರ್ಜಿಗೆ ಇಡಲೇ ಇಲ್ಲ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಬಡ್‌ಗಳನ್ನ ಎರಡು ಸಲ, ಒಂದೊಂದು ನಿಮಿಷ ಅದ್ದಿ ತೆಗೆದೆ. "ಭಾವ, ನೆಂದಿದ್ದನ್ನ ಮತ್ತೆ ಎಂತಕ್ಕೆ ನೆನೆಸ್ತೀರಿ ಮಾರಾಯ್ರೆ" ಅಂದ ಭಾವಮೈದ. ಕೆಡಿಸೋದು ಬರೀ ನೀರಲ್ಲ, ಸೋಪು. ಅದು ಒಳಗೇ ಒಣಗಿದ್ರೆ ಆಮೇಲೆ ಸ್ವಲ್ಪ ತೇವ ತಾಗಿದ್ರೂ ಕರೆಂಟ್ ದಾರಿ ತಪ್ಪಿ ಪಿನ್ ತಿನ್ನತ್ತೆ. ಆಮೇಲೆ ಜಾಲರಿ ಕೆಳಗೆ ಮಾಡಿ ಜಾಡಿಸಿ, ಪಿನ್ ಮೇಲೆ ಮಾತ್ರ ಐಪಿಎ ಅನ್ನೋ ಆಲ್ಕೋಹಾಲ್ ಹಚ್ಚಿ ಬ್ರಷ್ ಮಾಡಿದೆ, ಜಾಲರಿ ಹತ್ತಿರ ಅದನ್ನ ಬಿಡ್ಬೇಡಿ, ಒಳಗಿನ ಸ್ಪೀಕರ್ ಅಂಟು ಹೋಗತ್ತೆ.

ಒಣಗಿಸೋಕೆ ಗಟ್ಟಿ ಮುಚ್ಚಳದ ಡಬ್ಬಿ, ಅದರಲ್ಲಿ ಕಾಲು ಕೆಜಿ ಸಿಲಿಕಾ ಜೆಲ್. ಒಣಗಿದೆ ಅಂತ ಹೇಗೆ ಗೊತ್ತಾಗೋದು? ಬಂಗಾರ ತೂಗೋ ಸಣ್ಣ ತಕ್ಕಡಿ ಇತ್ತು, ದಿನಾ ಬೆಳಿಗ್ಗೆ ಬಡ್ ತೂಗಿದೆ. ಮೊದಲ ದಿನ 4.6 ಗ್ರಾಂ ಇದ್ದಿದ್ದು ಇಳೀತಾ ಇಳೀತಾ ನಾಲ್ಕನೇ ದಿನ 4.4ರ ಹತ್ತಿರ ನಿಂತ್ಕೊಂಡ್ತು. ಇನ್ನೂ ಎರಡು ದಿನ ಕದಲಲಿಲ್ಲ, ಆಗ್ಲೇ ಕೇಸಿಗೆ ಹಾಕಿದ್ದು. ಎರಡೂ ಕನೆಕ್ಟ್ ಆದ್ವು! ರಿಪೇರಿಯವರು "ಬಿಸಾಕಿ ಸಾರ್" ಅಂದಿದ್ದ ಬಡ್‌ಗಳಿವು.

ಎಡಗಡೇದು ಸದ್ದು ಸಣ್ಣ ಇತ್ತು. ಟಾರ್ಚ್ ಬಿಟ್ಟು ನೋಡಿದ್ರೆ ಜಾಲರಿ ಮೇಲೆ ಬಿಳೀ ಪೊರೆ. ಜಾಲರಿ ಹರಿಯದೆ ಅದನ್ನ ಬಿಡಿಸೋ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರಾನೇ ಇರ್ಲಿ. ಕೈ ನಡುಗೋರು ಹಳೇ ಬಡ್‌ನ ಜಾಲರಿ ಕಿತ್ತು ಅಂಟಿಸಿ. ಖರ್ಚು ಎಲ್ಲಾ ಸೇರಿ ಮುನ್ನೂರೈವತ್ತರ ಆಸುಪಾಸು, ಜೆಲ್ ಮತ್ತೆ ಮತ್ತೆ ಬರತ್ತೆ.

ಕಾರಲ್ಲಿ ಬೆಂದಿದ್ದಕ್ಕೆ ಮಾತ್ರ ಇದು ಆಗಲ್ಲ. ಏಪ್ರಿಲಲ್ಲಿ ಜೋಗದ ಪಾರ್ಕಿಂಗಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟಿದ್ದ ಬಡ್‌ನ ಜೋಡಣೆ ಗೆರೆ ಉಗುರು ಹೋಗುವಷ್ಟು ಬಿಟ್ಕೊಂಡಿತ್ತು, ಒಳಗಿನ ಸೆಲ್ ಉಬ್ಬಿದೆ ಅಂತ ಅರ್ಥ. ಅದನ್ನ ಒತ್ತಲಿಲ್ಲ, ಚಾರ್ಜೂ ಮಾಡಲಿಲ್ಲ, ಇ-ವೇಸ್ಟಿಗೆ ಕೊಟ್ಟೆ. ತೊಳೆದ ಜೊತೆ ಮಾತ್ರ ಎಂಟು ತಿಂಗಳಾಯ್ತು, ನಾಲ್ಕು ಗಂಟೆ ಬರ್ತಿದ್ದ ಚಾರ್ಜ್ ಈಗ ಮೂರು ಬರತ್ತೆ, ನಿನ್ನೆ ತೋಟದಲ್ಲೂ ಅದನ್ನೇ ಹಾಕ್ಕೊಂಡಿದ್ದೆ.