ಟೊರೊಂಟೊ ಚಳಿಯಲ್ಲಿ ರನ್-ಅರೌಂಡ್ ಕಾಯಿಲ್ ಸೈಜ್ ಮಾಡಿದ್ದು: ನನ್ನ ಅನುಭವ

ಟೊರೊಂಟೊದಲ್ಲಿ ಒಂದು ಲ್ಯಾಬ್ ಕಟ್ಟಡದ ಹೀಟ್ ರಿಕವರಿ ಕೆಲಸ ನನ್ನ ಪಾಲಿಗೆ ಬಂದಿತ್ತು. ಲ್ಯಾಬ್ ಅಂದ್ಮೇಲೆ ರಾಸಾಯನಿಕ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇರುತ್ತವೆ, ಒಳಗಿನ ಗಾಳಿಯನ್ನು ಮತ್ತೆ ತಿರುಗಿಸುವ ಹಾಗಿಲ್ಲ, ಪೂರ್ತಿ ಹೊರಗಿನ ಗಾಳಿಯೇ. ರಾಸಾಯನಿಕ ಇರುವ ಎಕ್ಸಾಸ್ಟ್ ಗಾಳಿ ಒಂದು ಚೂರೂ ಸಪ್ಲೈ ಕಡೆ ಸೇರಬಾರದು, ಹಾಗಾಗಿ ಎರಡೂ ಗಾಳಿಯ ನಡುವೆ ತಿರುಗುವ ಹೀಟ್ ವೀಲ್ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಎಕ್ಸಾಸ್ಟ್ ಡಕ್ಟ್‌ನಲ್ಲಿ ಒಂದು ಕಾಯಿಲ್, ಸಪ್ಲೈ ಡಕ್ಟ್‌ನಲ್ಲಿ ಇನ್ನೊಂದು, ನಡುವೆ ಪಂಪ್ ಮತ್ತು ಗ್ಲೈಕಾಲ್ ಕಲಸಿದ ನೀರು. ರನ್-ಅರೌಂಡ್ ಕಾಯಿಲ್ ಅಂದರೆ ಇಷ್ಟೇ.

ಎರಡೂ ಕಡೆ ಗಾಳಿ ಸೆಕೆಂಡಿಗೆ 5 ಘನ ಮೀಟರ್. ತೂಕದಲ್ಲಿ 6 ಕಿಲೋ, ಅಂದರೆ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಸುಮಾರು 6 ಕಿಲೋವ್ಯಾಟ್ ಬೇಕು. ಒಳಗೆ 22 ಡಿಗ್ರಿ, ಹೊರಗೆ ಮೈನಸ್ 20 ಅಂತ ಹಿಡಿದೆ. ವ್ಯತ್ಯಾಸ 42 ಡಿಗ್ರಿ. ಒಟ್ಟು ಎಫೆಕ್ಟಿವ್‌ನೆಸ್, ಅಂದರೆ ಆ ವ್ಯತ್ಯಾಸದಲ್ಲಿ ಸಪ್ಲೈ ಗಾಳಿಗೆ ವಾಪಸ್ ಸಿಗುವ ಪಾಲು, 50 ಪರ್ಸೆಂಟ್ ಬೇಕು ಅಂದುಕೊಂಡೆ. ಎರಡೂ ಕಡೆ ಗಾಳಿ ಸಮ ಇದ್ದು, ಗ್ಲೈಕಾಲ್‌ನ ಶಾಖ ಹೊರುವ ಶಕ್ತಿ ಗಾಳಿಯಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕ ಹೀಗೆ:

```
1/ε = 1/ε1 + 1/ε2 − C/CL
```

ಇಲ್ಲಿ `C` ಗಾಳಿಯ ಶಾಖ ಹೊರುವ ಶಕ್ತಿ, `CL` ಗ್ಲೈಕಾಲ್‌ದು, `ε1` ಮತ್ತು `ε2` ಒಂದೊಂದು ಕಾಯಿಲ್‌ನ ಎಫೆಕ್ಟಿವ್‌ನೆಸ್. `C` ಮತ್ತು `CL` ಸಮ ಇಟ್ಟರೆ ಪ್ರತಿ ಕಾಯಿಲ್ 67 ಪರ್ಸೆಂಟ್ ಕೊಡಬೇಕು, ಗಾಳಿ ಮತ್ತು ಗ್ಲೈಕಾಲ್ ಎದುರುಬದುರು ಹರಿದರೆ ಅದಕ್ಕೆ ಎನ್‌ಟಿಯು, ಅಂದರೆ ಗಾಳಿಯ `C`ಗೆ ಹೋಲಿಸಿದರೆ ಕಾಯಿಲ್‌ನ ಶಾಖ ದಾಟಿಸುವ ಶಕ್ತಿ, 2 ಬೇಕು, ನಮಗೆ ಅದು 8 ಸಾಲಿನ ಕಾಯಿಲ್‌ನಲ್ಲಿ ಸಿಕ್ಕಿತು.

ಪಂಪ್ ದೊಡ್ಡದು ಹಾಕಿದರೆ ಇನ್ನೂ ಜಾಸ್ತಿ ಶಾಖ ಬರಲ್ವಾ ಅಂತ ಸೈಟ್‌ನಲ್ಲಿ ಕೇಳಿದರು. ಬರುವುದಿಲ್ಲ. ಅದೇ ಕಾಯಿಲ್‌ಗಳಲ್ಲಿ ಹರಿವು ಎರಡು ಪಟ್ಟು ಮಾಡಿ ಲೆಕ್ಕ ಹಾಕಿದರೆ 50 ಇದ್ದದ್ದು 48ಕ್ಕೆ ಇಳಿಯುತ್ತದೆ. ಅರ್ಧ ಮಾಡಿದರೆ 43. ಹರಿವು ಜಾಸ್ತಿಯಾದಾಗ ಒಂದೊಂದು ಕಾಯಿಲ್ ಚೆನ್ನಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಗ್ಲೈಕಾಲ್ ಹೋಗುವಾಗ ಬರುವಾಗ ಹೆಚ್ಚುಕಮ್ಮಿ ಒಂದೇ ಉಷ್ಣಾಂಶದಲ್ಲಿ ಇರುತ್ತದೆ, ಎದುರುಬದುರು ಹರಿವಿನ ಲಾಭ ಹೋಗಿಬಿಡುತ್ತದೆ.

ಮೊದಲ ಲೆಕ್ಕದಲ್ಲಿ ನಾನೇ ತಪ್ಪಿದ್ದೆ. 50 ಪರ್ಸೆಂಟ್ ಅಂದರೆ 126 ಕಿಲೋವ್ಯಾಟ್, ಮೈನಸ್ 20ರ ಗಾಳಿ ಪ್ಲಸ್ 1ಕ್ಕೆ ಬರುತ್ತದೆ. ಅಲ್ಲಿಂದ 13 ಡಿಗ್ರಿಗೆ ತರಲು ಮುಂದಿನ ಪ್ರೀಹೀಟ್ ಕಾಯಿಲ್‌ಗೆ 72 ಕಿಲೋವ್ಯಾಟ್ ಸಾಕು ಅಂತ ಬರೆದೂ ಆಗಿತ್ತು. ಆರ್ಡರ್ ಹೋಗುವ ಮೊದಲು ಗ್ಲೈಕಾಲ್ ಎಲ್ಲೆಲ್ಲಿ ಎಷ್ಟು ಡಿಗ್ರಿ ಇರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೆ. ಎಕ್ಸಾಸ್ಟ್ ಕಾಯಿಲ್‌ಗೆ ಒಳಹೋಗುವ ಗ್ಲೈಕಾಲ್ ಮೈನಸ್ 9.5! ಒಳಗಿನ ಗಾಳಿ 22 ಡಿಗ್ರಿ, ತೇವ 30 ಪರ್ಸೆಂಟ್ ಇದ್ದರೆ ಅದರ ಡ್ಯೂ ಪಾಯಿಂಟ್ ಸುಮಾರು 3.5 ಡಿಗ್ರಿ. ಅಷ್ಟು ತಣ್ಣಗಿನ ಫಿನ್ ಮೇಲೆ ನೀರು ಕೂತು ಅಲ್ಲೇ ಹಿಮವಾಗುತ್ತದೆ, ಫಿನ್‌ಗಳ ಸಂದು ಮುಚ್ಚಿಕೊಳ್ಳುತ್ತದೆ, ಫ್ಯೂಮ್ ಹುಡ್‌ಗಳ ಎಕ್ಸಾಸ್ಟ್ ಬೀಳುತ್ತದೆ. ಲ್ಯಾಬ್‌ನಲ್ಲಿ ಅದು ಜೀವಕ್ಕೇ ಅಪಾಯ.

ಅದಕ್ಕೆ ಮದ್ದು ಮೂರು ದಾರಿಯ ವಾಲ್ವ್. ಸ್ವಲ್ಪ ಗ್ಲೈಕಾಲ್ ಸಪ್ಲೈ ಕಾಯಿಲ್‌ಗೆ ಹೋಗದೆ ಬೈಪಾಸ್ ಆಗಿ, ಎಕ್ಸಾಸ್ಟ್ ಕಾಯಿಲ್‌ಗೆ ಹೋಗುವ ಮಿಶ್ರಣ ಮೈನಸ್ 1ಕ್ಕಿಂತ ಕೆಳಗೆ ಇಳಿಯದಂತೆ ಅದು ನೋಡಿಕೊಳ್ಳುತ್ತದೆ. ಈ ಮಿತಿ ಹಾಕಿದ ಕೂಡಲೇ ಅತಿ ಚಳಿಯ ಹೊತ್ತಿನಲ್ಲಿ ಸಿಗುವ ಶಾಖ 126 ಅಲ್ಲ, 92 ಕಿಲೋವ್ಯಾಟ್. ಎಫೆಕ್ಟಿವ್‌ನೆಸ್ 37ಕ್ಕೆ ಬಂತು, ಸಪ್ಲೈ ಗಾಳಿ ಮೈನಸ್ 4.7ರಲ್ಲೇ ನಿಂತಿತು, ಪ್ರೀಹೀಟ್ 72ರಿಂದ 106 ಕಿಲೋವ್ಯಾಟ್‌ಗೆ ಹೋಯಿತು. ಹೊರಗೆ ಸುಮಾರು ಮೈನಸ್ 9ಕ್ಕಿಂತ ಬೆಚ್ಚಗಿದ್ದಾಗ ವಾಲ್ವ್ ಬೈಪಾಸ್ ಮಾಡಬೇಕಾಗಿಲ್ಲ, ಪೂರ್ತಿ 50 ಪರ್ಸೆಂಟ್ ಸಿಗುತ್ತದೆ. ಟೊರೊಂಟೊ ಚಳಿಗಾಲದ ಬಹುಪಾಲು ಗಂಟೆಗಳು ಹಾಗೇ ಇರುತ್ತವೆ. ಹಾಗಾಗಿ ವರ್ಷದ ಉಳಿತಾಯಕ್ಕೆ 50 ಹಿಡಿಯಿರಿ, ಪ್ರೀಹೀಟ್ ಸೈಜ್ ಮಾಡಲು 37 ಹಿಡಿಯಿರಿ. ಎರಡನ್ನೂ ಬೆರೆಸಬೇಡಿ. ಪಂಪ್ ನಿಂತರೆ ಆ 37 ಕೂಡ ಇಲ್ಲ, ಅದಕ್ಕೇ ಎರಡನೇ ಪಂಪ್ ಒಂದನ್ನು ಸ್ಟ್ಯಾಂಡ್‌ಬೈ ಇಡಿಸಿದೆ.

ಗ್ಲೈಕಾಲ್ ಎಷ್ಟು ಹಾಕಬೇಕು ಅನ್ನೋದಕ್ಕೂ ಇದೇ ವಾಲ್ವ್ ಉತ್ತರ ಕೊಟ್ಟಿತು. ಮಿಶ್ರಣ ಮೈನಸ್ 1ರಲ್ಲಿ ಇರುತ್ತದಲ್ಲ, 30 ಪರ್ಸೆಂಟ್ ಸಾಕು ಅಂತ ಅನ್ನಿಸುತ್ತದೆ. ಆದರೆ ಬೈಪಾಸ್ ಆದಾಗ ಸಪ್ಲೈ ಕಾಯಿಲ್‌ನಲ್ಲಿ ಹರಿಯುವುದು ಅರ್ಧದಷ್ಟು ಮಾತ್ರ, ಅದು ನಿಧಾನವಾಗಿ ಹರಿದು ಹೊರಗಿನ ಗಾಳಿಯ ಹತ್ತಿರ ಹತ್ತಿರಕ್ಕೆ ತಣ್ಣಗಾಗುತ್ತದೆ. ನನ್ನ ಲೆಕ್ಕದಲ್ಲಿ ಅಲ್ಲಿಂದ ಹೊರಬರುವ ಗ್ಲೈಕಾಲ್ ಮೈನಸ್ 17. ಎಥಿಲೀನ್ ಗ್ಲೈಕಾಲ್ ಗಾತ್ರದ ಲೆಕ್ಕದಲ್ಲಿ 30 ಪರ್ಸೆಂಟ್ ಇದ್ದರೆ ಮೈನಸ್ 15ರ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ಶುರು. 40 ಇದ್ದರೆ ಸುಮಾರು ಮೈನಸ್ 24. ನಾವು 40 ಹಾಕಿದೆವು. 50 ಹಾಕಿಬಿಡೋಣ ಅಂದವರೂ ಇದ್ದರು, ಆದರೆ ಜಾಸ್ತಿಯಾದಷ್ಟೂ ದ್ರವ ಮಂದವಾಗುತ್ತದೆ, ಶಾಖ ಹೊರುವ ಶಕ್ತಿಯೂ ಇಳಿಯುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಚಳಿಯಲ್ಲಿ ಇನ್ನೂ ಮಂದ. ಅದು ಆಹಾರ ತಯಾರಿಸುವ ಜಾಗಕ್ಕೆ ಸರಿ, ಇಲ್ಲಿ ಬೇಕಿರಲಿಲ್ಲ. ಇನ್ನೊಂದು ಮಾತು, ಈ ಸರ್ಕ್ಯೂಟ್‌ಗೆ ನಲ್ಲಿ ನೀರಿನ ಆಟೋಮ್ಯಾಟಿಕ್ ಮೇಕಪ್ ಲೈನ್ ಕೊಡಬೇಡಿ. ಎಲ್ಲೋ ಸೋರಿದರೆ ಅದು ಸುಮ್ನೆ ನೀರು ತುಂಬಿಸುತ್ತಾ ಹೋಗುತ್ತದೆ, 40 ಇದ್ದದ್ದು 25 ಆಗಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಮಂದವಾಗುವುದು ಅಂದೆನಲ್ಲ, ಅದು ಕಾಯಿಲ್ ಒಳಗೂ ಹೊಡೆತ ಕೊಡುತ್ತದೆ. ಮೈನಸ್ 10ರಲ್ಲಿ 40 ಪರ್ಸೆಂಟ್ ಗ್ಲೈಕಾಲ್, ಮಾಮೂಲಿ ನೀರಿಗಿಂತ ಏಳೆಂಟು ಪಟ್ಟು ಮಂದ. ನಮಗೆ ಬೇಕಾದ ಹರಿವು ಸೆಕೆಂಡಿಗೆ 1.6 ಲೀಟರ್. ಮೊದಲು ಬಂದ ಕಾಯಿಲ್ ಸೆಲೆಕ್ಷನ್‌ನಲ್ಲಿ ಅದನ್ನು ಕಾಯಿಲ್ ಒಳಗೆ 16 ಸರ್ಕ್ಯೂಟ್‌ಗೆ, ಅಂದರೆ 16 ಸಮಾನಾಂತರ ಟ್ಯೂಬ್ ದಾರಿಗಳಿಗೆ, ಹಂಚಿದ್ದರು. ಟ್ಯೂಬ್ ಒಳಗೆ ವೇಗ ಸೆಕೆಂಡಿಗೆ 0.6 ಮೀಟರ್ ಕೂಡ ಇಲ್ಲ, ರೆನಾಲ್ಡ್ಸ್ ಸಂಖ್ಯೆ 1200ರ ಸುಮಾರು. ಅಂದರೆ ದ್ರವ ಪದರ ಪದರವಾಗಿ ಜಾರುತ್ತದೆ, ನಡುವಿನ ಬಿಸಿ ಟ್ಯೂಬ್ ಗೋಡೆಗೆ ತಲುಪುವುದೇ ಕಷ್ಟ. 8 ಸರ್ಕ್ಯೂಟ್ ಮಾಡಿಸಿದೆ. ವೇಗ, ರೆನಾಲ್ಡ್ಸ್ ಎರಡೂ ದುಪ್ಪಟ್ಟಾದವು. ಒತ್ತಡ ನಷ್ಟ ಪ್ರತಿ ಕಾಯಿಲ್‌ಗೆ 100 ಕಿಲೋಪಾಸ್ಕಲ್ ದಾಟಿತು, ಒಂದೂವರೆ ಕಿಲೋವ್ಯಾಟ್ ಮೋಟರ್ ಬೇಕಾಯಿತು. 90 ಕಿಲೋವ್ಯಾಟ್ ಶಾಖ ಬರುವಾಗ ಅದು ದೊಡ್ಡದಲ್ಲ. ಸೆಲೆಕ್ಷನ್ ಹಾಳೆ ಬಂದಾಗ ದ್ರವದ ಹೆಸರು, ಪರ್ಸೆಂಟ್, ಯಾವ ಉಷ್ಣಾಂಶಕ್ಕೆ ಲೆಕ್ಕ ಹಾಕಿದ್ದಾರೆ ಅನ್ನೋದನ್ನು ಮೊದಲು ನೋಡಿ.

ಚಾಲೂ ಮಾಡಿದ ದಿನ ಹೊರಗೆ 2 ಡಿಗ್ರಿ. ಸಪ್ಲೈ ಗಾಳಿ 12 ಬರಬೇಕಿತ್ತು, ಬಂದದ್ದು 10. ಎಫೆಕ್ಟಿವ್‌ನೆಸ್ 40ರ ಹತ್ತಿರ. ಹರಿವು ಸರಿ, ಗಾಳಿ ಸರಿ, ಗ್ಲೈಕಾಲ್ ರಿಫ್ರ್ಯಾಕ್ಟೋಮೀಟರ್‌ನಲ್ಲಿ 40 ಸರಿ. ಕೊನೆಗೆ ಸಪ್ಲೈ ಕಾಯಿಲ್‌ನ ಎರಡೂ ಪೈಪ್‌ಗೆ ಥರ್ಮಾಮೀಟರ್ ಇಟ್ಟೆ. ಹೊರಬರುವ ಗ್ಲೈಕಾಲ್ 10.2, ಹೊರಬರುವ ಗಾಳಿಗಿಂತ ಒಂಚೂರು ಬೆಚ್ಚಗೆ. ಅಲ್ಲೇ ಗೊತ್ತಾಯಿತು. ಎದುರುಬದುರು ಹರಿವಿದ್ದರೆ ಅಲ್ಲಿಂದ ಬರುವ ಗ್ಲೈಕಾಲ್ 7ರ ಸುಮಾರು ಇರಬೇಕು, ಗಾಳಿಗಿಂತ 5 ಡಿಗ್ರಿ ತಣ್ಣಗೆ. ಪೈಪ್ ಜೋಡಿಸಿದವರು ಒಳಹೋಗುವುದನ್ನೂ ಹೊರಬರುವುದನ್ನೂ ಅದಲುಬದಲು ಮಾಡಿದ್ದರು, ಗ್ಲೈಕಾಲ್ ಗಾಳಿಯ ಜೊತೆಜೊತೆಗೇ ಹರಿಯುತ್ತಿತ್ತು. ಬಿಸಿ ಗ್ಲೈಕಾಲ್ ಗಾಳಿ ಹೊರಬೀಳುವ ಕಡೆಯ ಸಾಲಿನಿಂದ ಒಳಗೆ ಬರಬೇಕು.

ಎರಡು ದಿನ ಬಿಟ್ಟು ಪೈಪ್ ತಿರುಗಿಸಿದರು, ಮೇಲಿನ ಹೆಡರ್‌ನಿಂದ ಗಾಳಿ ಬಿಡಿಸಿದೆವು. ಆವತ್ತು ಹೊರಗೆ 1 ಡಿಗ್ರಿ. ಸಪ್ಲೈ ಗಾಳಿ 11.3, ವಾಪಸ್ ಬರುವ ಗ್ಲೈಕಾಲ್ 6.5.