640 ಜಿಬಿ ಮದುವೆ, ಕೈ ಸುಡುವ ಡ್ರೈವ್

ನಾನು ರಾಯಚೂರಿನಲ್ಲಿ ಮದುವೆ ವಿಡಿಯೋ ಮಾಡುತ್ತೇನೆ. ಏಪ್ರಿಲ್‌ನಲ್ಲಿ ಎರಡು ದಿನದ ಒಂದು ಮದುವೆ ಮುಗಿಸಿದಾಗ ಒಟ್ಟು 640 ಜಿಬಿ ಆಗಿತ್ತು. ಅದನ್ನು ಎಡಿಟಿಂಗ್ ಕಂಪ್ಯೂಟರಿನಿಂದ ಎರಡು ಎಸ್‌ಎಸ್‌ಡಿಗೆ ಹಾಕಬೇಕಿತ್ತು. ಒಂದು ಮದುವೆ ಮನೆಯವರಿಗೆ, ಇನ್ನೊಂದು ನನ್ನ ಬ್ಯಾಕಪ್. ಎರಡೂ ಒಂದೇ ಮಾದರಿಯ 1 ಟಿಬಿ ಎನ್‌ವಿಎಂಇ ಸ್ಟಿಕ್. ಬೇರೆ ಬೇರೆ ಅಲ್ಯೂಮಿನಿಯಂ ಕೇಸ್‌ಗಳನ್ನು ತಂದು, ಅವುಗಳಲ್ಲಿ ನಾನೇ ಕೂರಿಸಿದ್ದು. ಯುಎಸ್‌ಬಿಯಲ್ಲಿ ಸೆಕೆಂಡಿಗೆ 900 ಎಂಬಿ ಆಸುಪಾಸು ಬರೆಯುತ್ತವೆ ಅಂತ ಮೊದಲೇ ನೋಡಿದ್ದೆ. ಆ ಲೆಕ್ಕದಲ್ಲಿ ಒಂದು ಡ್ರೈವ್‌ಗೆ 12 ನಿಮಿಷ ಸಾಕು.

ಮೊದಲ ಮೂರು ನಿಮಿಷ ಲೆಕ್ಕದಂತೆಯೇ ಹೋಯಿತು. 160 ಜಿಬಿ ದಾಟುತ್ತಿದ್ದಂತೆ ವೇಗ ದಪ್ಪನೆ 120ಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ 400ಕ್ಕೆ ಏರಿತು, ಮತ್ತೆ ಬಿತ್ತು. ಕೊನೆಗೆ ಮುಗಿದಾಗ 39 ನಿಮಿಷ ಆಗಿತ್ತು. ಡ್ರೈವ್ ತೆಗೆಯಲು ಹೋದ ನಮ್ಮ ಹುಡುಗ ಕೈ ಹಿಂದಕ್ಕೆ ಎಳೆದುಕೊಂಡ. "ಅಣ್ಣಾ, ಮುಟ್ಟಾಕ ಆಗವಲ್ದು, ಕೈ ಸುಡ್ತೈತಿ" ಅಂದ.

ಅಲ್ಲಿವರೆಗೂ ನಾನು ಕೇಬಲ್ ಮೇಲೆ ಅನುಮಾನ ಪಡುತ್ತಿದ್ದೆ. ಆದರೆ ಕೇಬಲ್ ಹಳೆಯ ಯುಎಸ್‌ಬಿ 2 ಕೇಬಲ್ ಆಗಿದ್ದರೆ ಶುರುವಿನಿಂದಲೇ 40 ಎಂಬಿ ಮೇಲೆ ಹೋಗುತ್ತಿರಲಿಲ್ಲ. ಮೂರು ನಿಮಿಷ 900ರಲ್ಲಿ ಓಡಿದ ಮೇಲೆ ಕೇಬಲನ್ನು ದೂರಿ ಪ್ರಯೋಜನವಿಲ್ಲ. ತಪ್ಪು ಬೇರೆ ಕಡೆ ಇತ್ತು.

ಎರಡನೇ ಡ್ರೈವ್‌ಗೆ ಕಾಪಿ ಹಾಕುವಾಗ ಸುಮ್ನೆ ಕಾಯುತ್ತಾ ಕೂರಲಿಲ್ಲ. ಒಂದು ಕಡೆ ಟಾಸ್ಕ್ ಮ್ಯಾನೇಜರಿನ ಡಿಸ್ಕ್ ಗ್ರಾಫ್ ತೆರೆದಿಟ್ಟೆ. ಇನ್ನೊಂದು ಕಡೆ CrystalDiskInfo. ಇದು ಎಸ್‌ಎಸ್‌ಡಿ ಒಳಗಿನ ಸೆನ್ಸರ್ ಹೇಳುವ ಉಷ್ಣತೆಯನ್ನು ತೋರಿಸುತ್ತದೆ. ಬಹಳಷ್ಟು ಯುಎಸ್‌ಬಿ ಕೇಸ್‌ಗಳ ಮೂಲಕವೂ ಓದುತ್ತದೆ. ಕಾಪಿಯನ್ನು ಮೌಸ್‌ನಲ್ಲಿ ಎಳೆದು ಹಾಕುವ ಬದಲು ಹೀಗೆ ಮಾಡಿದೆ:

```
robocopy D:\Maduve E:\Maduve /E /J
```

`/J` ಹಾಕಿದರೆ ದೊಡ್ಡ ಫೈಲುಗಳು ವಿಂಡೋಸ್‌ನ ಮೆಮೊರಿಯಲ್ಲಿ ತಂಗದೆ ಹೋಗುತ್ತವೆ. ಹಾಗಾಗಿ ಕಾಣುವ ವೇಗ ಡ್ರೈವ್‌ನದ್ದೇ, ರ‍್ಯಾಮ್‌ನದ್ದಲ್ಲ. ಕೊನೆಯಲ್ಲಿ ಸರಾಸರಿ ವೇಗವನ್ನೂ ಅದೇ ಹೇಳುತ್ತದೆ.

ಈ ಡ್ರೈವ್ ಎರಡೇ ನಿಮಿಷಕ್ಕೆ ಸೋತಿತು. ಸೆನ್ಸರ್ 79 ಡಿಗ್ರಿ ತೋರಿಸಿದ ಕ್ಷಣವೇ ವೇಗ ಕುಸಿಯಿತು. ವೇಗ ಇಳಿದಾಗ ಉಷ್ಣತೆ 73ಕ್ಕೆ ಬಂತು. 73ಕ್ಕೆ ಬರುತ್ತಿದ್ದಂತೆ ವೇಗ ಏರಿತು. ಏರಿದ ಕೂಡಲೇ ಮತ್ತೆ 79. ಗ್ರಾಫ್ ನೋಡಿದರೆ ಗರಗಸದ ಹಲ್ಲು.

ಇದೇ ಥರ್ಮಲ್ ಥ್ರಾಟ್ಲಿಂಗ್. ಎಸ್‌ಎಸ್‌ಡಿಯ ಕಂಟ್ರೋಲರ್ ತನ್ನ ಬಿಸಿಯನ್ನು ತಾನೇ ನೋಡಿಕೊಳ್ಳುತ್ತಿರುತ್ತದೆ. ತಯಾರಕರು ಇಟ್ಟ ಮಿತಿ ಮುಟ್ಟಿದರೆ ಬೇಕೆಂದೇ ಕೆಲಸ ನಿಧಾನ ಮಾಡುತ್ತದೆ. ಕೆಲಸ ಕಡಿಮೆಯಾದರೆ ಬಿಸಿಯೂ ಕಡಿಮೆ. ಡ್ರೈವ್ ಕೆಟ್ಟಿಲ್ಲ, ಫೈಲೂ ಹಾಳಾಗಿಲ್ಲ. ಆ 39 ನಿಮಿಷದ ಕಾಪಿಯನ್ನು ನಾನು ಆಮೇಲೆ ಮೂಲದ ಜೊತೆ ಹೋಲಿಸಿ ನೋಡಿದೆ, ಎಲ್ಲವೂ ಸರಿಯಾಗಿತ್ತು. ಆದರೆ ಒಮ್ಮೆ ಈ ಹಂತಕ್ಕೆ ಬಂದರೆ, ಚಿಪ್ ಎಷ್ಟು ಜೋರಾಗಿ ಬರೆಯಬಲ್ಲದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಕೇಸ್ ಎಷ್ಟು ಬಿಸಿಯನ್ನು ಹೊರಗೆ ಹಾಕಬಲ್ಲದೋ ಅಷ್ಟೇ ವೇಗ. ಡಬ್ಬದ ಮೇಲೆ ಬರೆದ ಅಂಕಿ ಮೊದಲ ಕೆಲವು ನಿಮಿಷದ ಮಾತು. ನಮ್ಮ ಕೆಲಸಕ್ಕೆ ಬೇಕಾದದ್ದು ಹನ್ನೆರಡನೇ ನಿಮಿಷದಲ್ಲಿ ಎಷ್ಟು ಅನ್ನುವುದು, ಅಲ್ವಾ?

ಒಂದು ವಿಷಯ ನನ್ನನ್ನು ಕಾಡಿತು. ಎರಡನೇ ಡ್ರೈವ್ ಮೊದಲನೆಯದಕ್ಕಿಂತ ಬೇಗ ಸೋತಿತ್ತು. ಆದರೆ ಅದರ ಕೇಸ್ ಮುಟ್ಟಿದರೆ ಬರೀ ಬೆಚ್ಚಗಿತ್ತು. ಒಳಗೆ 79, ಹೊರಗೆ ಬೆಚ್ಚಗೆ. ಅಂದರೆ ಬಿಸಿ ಹೊರಗೆ ಬರುತ್ತಲೇ ಇಲ್ಲ. ಮೊದಲನೆಯದರಲ್ಲಿ ಕೇಸ್ ಸುಡುತ್ತಿತ್ತು. ಅಲ್ಲಿ ಬಿಸಿ ಕೇಸ್‌ವರೆಗೆ ಬಂದಿದೆ, ಅಲ್ಲಿಂದ ಗಾಳಿಗೆ ಹೋಗುತ್ತಿಲ್ಲ. ಲಕ್ಷಣ ಒಂದೇ, ಕಾರಣ ಎರಡು. ಕೈಯಿಂದ ಮುಟ್ಟಿಯೇ ಇಷ್ಟು ಗೊತ್ತಾಗುತ್ತದೆ.

ತಣ್ಣಗಾದ ಮೇಲೆ ಎರಡನೆಯದನ್ನು ಬಿಚ್ಚಿದೆ. ಚಿಪ್ ಮತ್ತು ಮುಚ್ಚಳದ ನಡುವೆ ಮೆತ್ತನೆಯ ಥರ್ಮಲ್ ಪ್ಯಾಡ್ ಇರುತ್ತದೆ, ಬಿಸಿಯನ್ನು ಲೋಹಕ್ಕೆ ದಾಟಿಸಲು. ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾನು ಕಿತ್ತೇ ಇರಲಿಲ್ಲ. ಪಾರದರ್ಶಕ ಹಾಳೆ, ಕಣ್ಣಿಗೆ ಬಿದ್ದಿರಲಿಲ್ಲ. ಜೊತೆಗೆ ಪ್ಯಾಡ್ ಮೇಲೆ ಚಿಪ್‌ನ ಅಚ್ಚು ಒಂದು ಮೂಲೆಯಲ್ಲಿ ಮಾತ್ರ ಮೂಡಿತ್ತು. ಉಳಿದ ಕಡೆ ತಾಗಿಯೇ ಇಲ್ಲ. ಹಾಳೆ ಕಿತ್ತು, 1 ಮಿ.ಮೀ. ಪ್ಯಾಡ್ ಬದಲು ಅರ್ಧ ಮಿ.ಮೀ. ದಪ್ಪ ಜಾಸ್ತಿ ಇರುವುದನ್ನು ಹಾಕಿದೆ. ಮುಚ್ಚಿ, ಮತ್ತೆ ತೆಗೆದು ನೋಡಿದಾಗ ಅಚ್ಚು ಪೂರ್ತಿ ಮೂಡಿತ್ತು. ಹೆಚ್ಚು ದಪ್ಪ ಹಾಕಲು ಹೋಗಬೇಡಿ. ಮುಚ್ಚಳ ಬಿಗಿ ಮಾಡುವಾಗ ಸ್ಟಿಕ್ ಬಾಗುತ್ತದೆ. ಬೋರ್ಡ್ ಬಾಗಿದರೆ ಬೆಸುಗೆ ಬಿರುಕು ಬಿಡಬಹುದು.

ಮೊದಲನೆಯದರ ತೊಂದರೆ ಇನ್ನೂ ಸರಳ. ಬಿದ್ದರೆ ಪೆಟ್ಟಾಗಬಾರದೆಂದು ಡಬ್ಬದಲ್ಲಿ ಬಂದ ಸಿಲಿಕೋನ್ ಕವರ್ ಹಾಕಿಟ್ಟಿದ್ದೆ. ಅದನ್ನು ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟಿದ್ದೆ. ಎಸ್‌ಎಸ್‌ಡಿ ಮತ್ತು ಯುಎಸ್‌ಬಿ ಚಿಪ್ ಸೇರಿ ಕೆಲವೇ ವಾಟ್ ಬಿಸಿ ಕೊಡುತ್ತವೆ. ಕೇಳಲು ಕಡಿಮೆ ಅನ್ನಿಸುತ್ತದೆ. ಉರಿಯುತ್ತಿರುವ 7 ವಾಟ್ ಎಲ್‌ಇಡಿ ಬಲ್ಬಿನ ಬುಡ ಮುಟ್ಟಿದವರಿಗೆ ಅದು ಎಷ್ಟು ಅಂತ ಗೊತ್ತು. ಅಷ್ಟನ್ನು ಅಂಗೈ ಅಗಲದ ಡಬ್ಬಿಯಲ್ಲಿಟ್ಟು ರಬ್ಬರ್ ಸುತ್ತಿದರೆ ಇನ್ನೇನಾಗುತ್ತದೆ? ಕವರ್ ತೆಗೆದೆ. ಸ್ಟೀಲ್ ತಟ್ಟೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಡ್ರೈವ್ ಇಟ್ಟೆ. ಎದುರಿಗೆ ಸಣ್ಣ ಟೇಬಲ್ ಫ್ಯಾನ್.

ಇಷ್ಟಾದ ಮೇಲೆ ಡ್ರೈವ್ ಖಾಲಿ ಮಾಡಿ, ಒಂದು ರಾತ್ರಿ ಬಿಟ್ಟು, ಅದೇ 640 ಜಿಬಿ ಮತ್ತೆ ಹಾಕಿದೆ. 160 ಜಿಬಿ ಆರಾಮಾಗಿ ದಾಟಿತು. ಉಷ್ಣತೆ 60ರ ಆಸುಪಾಸಿನಲ್ಲೇ ಇತ್ತು. ಆದರೆ 220 ಜಿಬಿ ಆದಾಗ ವೇಗ ಮತ್ತೆ ಇಳಿಯಿತು, ಈ ಸಲ 450ಕ್ಕೆ. ಉಷ್ಣತೆ ನೋಡಿದರೆ 62. ಬಿಸಿಯಿಂದ ಆದದ್ದಲ್ಲ. ಗ್ರಾಫ್‌ನಲ್ಲಿ ಗರಗಸವೂ ಇಲ್ಲ. ಒಂದು ಮೆಟ್ಟಿಲು ಇಳಿದು, ಕೊನೆವರೆಗೂ ಅಲ್ಲೇ ಸಮನಾಗಿ ಓಡಿತು.

ಇದು ಕ್ಯಾಶ್ ತುಂಬಿದ ಲಕ್ಷಣ. ನಮ್ಮೂರಿನ ಎಪಿಎಂಸಿಯಲ್ಲಿ ಲಾರಿ ಬಂದಾಗ ಮೂಟೆಗಳನ್ನು ಮೊದಲು ಅಂಗಳದಲ್ಲಿ ಇಳಿಸಿಬಿಡುತ್ತಾರೆ, ಆಮೇಲೆ ಗೋದಾಮಿನಲ್ಲಿ ಒಟ್ಟುತ್ತಾರೆ. ಎಸ್‌ಎಸ್‌ಡಿಯೂ ಹಾಗೆಯೇ, ಅದರ ಅಂಗಳವೇ ಕ್ಯಾಶ್. ಒಂದು ಕೋಶದಲ್ಲಿ ಮೂರು ಬಿಟ್ ಹಿಡಿಯುವ ಜಾಗದಲ್ಲಿ ಮೊದಲು ಒಂದೊಂದೇ ಬಿಟ್ ಬರೆದು ಬೇಗ ಮುಗಿಸುತ್ತದೆ. ಅಂಗಳ ತುಂಬಿದ ಮೇಲೆ ಬರುವ ಮೂಟೆ ನೇರ ಗೋದಾಮಿಗೇ ಹೋಗಬೇಕು. ಆಗ ನಿಧಾನ. ಹಮಾಲರು ಬಿಸಿಲಿಗೆ ದಣಿದು ಆಗಾಗ ನೆರಳಿಗೆ ಕೂರುವುದು ಬೇರೆ. ಅದು ಥ್ರಾಟ್ಲಿಂಗ್.

ಎರಡನ್ನೂ ಬೇರೆ ಮಾಡಿ ನೋಡುವುದು ಬಹಳ ಮುಖ್ಯ. ಇಲ್ಲದಿದ್ದರೆ ಕ್ಯಾಶ್ ತೊಂದರೆಗೆ ಫ್ಯಾನ್ ಕೊಂಡು ದುಡ್ಡು ಕಳೆಯುತ್ತೇವೆ. ನನಗೆ ಈಗ ನಂಬಿಕೆ ಇರುವ ಪರೀಕ್ಷೆ ಎಂದರೆ ಓದಿಸಿ ನೋಡುವುದು. ತುಂಬಿದ ಡ್ರೈವ್‌ನಿಂದ ಕಂಪ್ಯೂಟರಿಗೆ ದೊಡ್ಡ ಫೋಲ್ಡರ್ ವಾಪಸ್ ಕಾಪಿ ಮಾಡಿ. ಓದುವಾಗ ಈ ಬರೆಯುವ ಕ್ಯಾಶ್ ತುಂಬುವ ಮಾತೇ ಇಲ್ಲ. ಆಗಲೂ ಕೆಲವು ನಿಮಿಷಕ್ಕೆ ಗರಗಸ ಬಂದರೆ ಅದು ಬಿಸಿಯೇ. ಕಂಪ್ಯೂಟರಿನ ಒಳಗಿನ ಡ್ರೈವ್ ಕೂಡ ಬಿಸಿಯಾಗಿ ನಿಧಾನ ಆಗಬಹುದು. ಹಾಗಾಗಿ CrystalDiskInfoದಲ್ಲಿ ಎರಡರ ಉಷ್ಣತೆಯನ್ನೂ ನೋಡಿ.

ಒಟ್ಟು ಸಮಯ ಈಗ 20 ನಿಮಿಷ. ನಾನು ಮೊದಲು ಅಂದುಕೊಂಡ 12 ಬರಲೇ ಇಲ್ಲ, ಈ ಡ್ರೈವ್‌ನಲ್ಲಿ ಬರುವುದೂ ಇಲ್ಲ. 220 ಜಿಬಿಗೆ 4 ನಿಮಿಷ, ಉಳಿದ 420 ಜಿಬಿಗೆ 16 ನಿಮಿಷ. ಈಗ ಮದುವೆ ಮನೆಯವರಿಗೆ ಸಮಯ ಹೇಳುವಾಗ ಇದೇ ಲೆಕ್ಕ ಹಿಡಿಯುತ್ತೇನೆ.

ಫ್ಯಾನ್ ಇಲ್ಲದೆ, ನಡುವೆ ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಹೇಗೆ ಅಂತಲೂ ನೋಡಿದೆ. 78ರಿಂದ 55ಕ್ಕೆ ಇಳಿಯಲು 8 ನಿಮಿಷ ಬೇಕಾಯಿತು. 640 ಜಿಬಿಗೆ ಹೀಗೆ ಮೂರು ಸಲ ನಿಲ್ಲಿಸಿದರೆ 24 ನಿಮಿಷ ಬರೀ ಕಾಯುವುದೇ. ಲಾಭವಿಲ್ಲ. ಐಸ್ ಪ್ಯಾಕ್ ಮೇಲೆ ಇಡುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ತಣ್ಣನೆ ಲೋಹದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಒಳಗೂ ಕೂರಬಹುದು.

ನಮ್ಮ ಕಡೆಯವರು ನೆನಪಿಡಬೇಕಾದ ಇನ್ನೊಂದು ವಿಷಯ ಕೋಣೆಯ ಬಿಸಿ. ಫ್ಯಾನ್ ಡ್ರೈವನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್‌ನಲ್ಲಿ ನನ್ನ ಕೋಣೆ 36 ಡಿಗ್ರಿ ಇದ್ದಾಗ 62 ತೋರಿಸಿದ ಡ್ರೈವ್, ಡಿಸೆಂಬರ್‌ನಲ್ಲಿ ಕೋಣೆ 26 ಇದ್ದಾಗ 52 ತೋರಿಸಿತು. ಕೋಣೆ ಹತ್ತು ಇಳಿದರೆ ಡ್ರೈವೂ ಹೆಚ್ಚುಕಡಿಮೆ ಹತ್ತು ಇಳಿಯುತ್ತದೆ. ಬೆಂಗಳೂರಿನ ಗೆಳೆಯ ಅದೇ ಕೇಸ್ ಬಳಸಿ ತೊಂದರೆ ಇಲ್ಲ ಅಂದರೆ ಅವನ ಮಾತೂ ನಿಜ. ಬೇಸಿಗೆಯಲ್ಲಿ ದೊಡ್ಡ ಕಾಪಿಗಳನ್ನು ನಾನು ಬೆಳಗ್ಗೆ ಆರಕ್ಕೆ ಹಾಕುತ್ತೇನೆ.

ಕಾಪಿ ನಡುವೆ ಡ್ರೈವ್ ಪೂರ್ತಿ ಮಾಯವಾಗಿ ಮತ್ತೆ ಕಾಣಿಸಿಕೊಂಡರೆ ಅದನ್ನು ಥ್ರಾಟ್ಲಿಂಗ್ ಅನ್ನಬೇಡಿ. ಕೇಬಲ್ ಸಡಿಲ, ಕರೆಂಟ್ ಸಾಲದಿರುವುದು, ಅಥವಾ ಕೇಸ್‌ನಲ್ಲಿರುವ ಯುಎಸ್‌ಬಿ ಚಿಪ್ ಬಿಸಿಯಾಗಿರುವುದು, ಮೂರರಲ್ಲಿ ಯಾವುದೂ ಇರಬಹುದು. ಆ ಚಿಪ್‌ನ ಬಿಸಿ CrystalDiskInfoದಲ್ಲಿ ಕಾಣುವುದಿಲ್ಲ. ಅದರ ಮೇಲೂ ಒಂದು ತುಂಡು ಪ್ಯಾಡ್ ಇಡಬೇಕಾಗುತ್ತದೆ. ಡ್ರೈವ್ ಮಾಯವಾದಾಗ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಂತಿರುತ್ತದೆ. ಅದೇ `robocopy` ಸಾಲನ್ನು ಮತ್ತೆ ಓಡಿಸಿ. ಮುಗಿದ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಹಾಕುತ್ತದೆ.

ಮೇ ತಿಂಗಳಲ್ಲಿ ಗೆಳೆಯನೊಬ್ಬ ತನ್ನ ಡ್ರೈವ್ ತಂದಿದ್ದ. ಅದೇ ದೂರು. ತಟ್ಟೆ, ಫ್ಯಾನ್ ಎಲ್ಲ ಇಟ್ಟೆವು. ಉಷ್ಣತೆ 48 ದಾಟಲಿಲ್ಲ, ಆದರೂ ವೇಗ 90ಕ್ಕೆ ಇಳಿದು ಅಲ್ಲೇ ನಿಂತಿತು. ಅವನದು ಕ್ಯುಎಲ್‌ಸಿ, ಒಂದು ಕೋಶಕ್ಕೆ ನಾಲ್ಕು ಬಿಟ್. ಅಂಗಳ ತುಂಬಿದ ಮೇಲೆ ಗೋದಾಮಿನ ಕೆಲಸ ಅದರಲ್ಲಿ ಇನ್ನೂ ನಿಧಾನ. ಫ್ಯಾನ್ ಆರಿಸಿ, ಆ ಡ್ರೈವನ್ನು ಮುಗಿದ ಮದುವೆಗಳ ಸಂಗ್ರಹಕ್ಕೆ ಇಟ್ಟುಕೊಳ್ಳಲು ಹೇಳಿದೆ.